ಅಜ್ಜಿಯ ಬಿಪಿ ಸ್ಕ್ರೀನ್‌ಶಾಟ್: ಗಾಬರಿ ಆಗೋಕೆ ಮುಂಚೆ ಮೂರನೇ ನಂಬರ್ ನೋಡಿ

ಇವತ್ತು ಒಂದೇ ಒಂದು ಸ್ಕ್ರೀನ್‌ಶಾಟ್ ಓದೋಣ.

ಅಜ್ಜಿ ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಲ್ಲಿ, ಮೊಮ್ಮಗ ಬೆಂಗಳೂರಲ್ಲಿ ಅಂದ್ಕೊಳ್ಳಿ. ಶನಿವಾರ ಬೆಳಿಗ್ಗೆ ವಾಟ್ಸ್‌ಆ್ಯಪ್‌ಗೆ ಬಿಪಿ ಆ್ಯಪ್‌ನ ಚಿತ್ರ ಬರುತ್ತೆ: SYS 166, DIA 90, PUL 98. ಕೆಳಗಿರೋ ವಾರದ ಗ್ರಾಫ್ ಕೊನೆಯಲ್ಲಿ ಗುಡ್ಡದ ಹಾಗೆ ಏರಿದೆ. ‘ಅಜ್ಜಿ, ಇನ್ನೊಂದು ಮಾತ್ರೆ ತಗೋ’ ಅಂತ ಬಾಯಿಗೆ ಬಂದೇಬಿಡುತ್ತೆ. ಸ್ವಲ್ಪ ತಡೀರಿ.

SYS ಅಂದ್ರೆ ಹೃದಯ ರಕ್ತವನ್ನ ಒತ್ತಿದಾಗ ಇರೋ ಒತ್ತಡ. DIA ಅಂದ್ರೆ ಎರಡು ಬಡಿತಗಳ ನಡುವೆ ಇರೋ ಒತ್ತಡ. PUL ಅಂದ್ರೆ ನಿಮಿಷಕ್ಕೆ ಎಷ್ಟು ಬಡಿತ ಅನ್ನೋದು. ನಾವು ಮೊದಲೆರಡನ್ನ ನೋಡಿ ಮೂರನೆಯದನ್ನ ಬಿಟ್ಟುಬಿಡ್ತೀವಿ. ಇಲ್ಲಿ ಸುಳಿವು ಇರೋದೇ ಅದರಲ್ಲಿ. ಉಳಿದ ದಿನಗಳ ಚುಕ್ಕೆ ಒತ್ತಿ ನೋಡಿದ್ರೆ ಪಲ್ಸ್ 72ರಿಂದ 76. ಶನಿವಾರ ಮಾತ್ರ 98. ಹಾಗಾದ್ರೆ ಕೇಳಬೇಕಾದ ಪ್ರಶ್ನೆ: ‘ಅಜ್ಜಿ, ಎಲ್ಲಿಂದ ಬಂದು ಕೂತು ನೋಡಿದ್ರಿ?’ ಬಸ್‌ಸ್ಟ್ಯಾಂಡಿಂದ ನಡ್ಕೊಂಡು ಬಂದವರೇ ಪಟ್ಟಿ ಕಟ್ಟಿದ್ದರು.

ಈಗ ಮಾಡಬೇಕಾದದ್ದು ಇಷ್ಟು. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕಿಟ್ಟು ಐದು ನಿಮಿಷ ಮಾತಾಡದೆ ಕೂರಬೇಕು. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಬೇಕು. ಅಜ್ಜಿಗೆ 138 ಮತ್ತು 134 ಬಂತು, ಪಲ್ಸ್ 74. ಸರಾಸರಿ 136.

ಇನ್ನು ವಾರದ ಲೆಕ್ಕ. ಭಾನುವಾರದಿಂದ ಮೇಲಿನ ನಂಬರ್ 158, 138, 134, 136, 132, 134, 166. ಆ್ಯಪ್ ಎಲ್ಲವನ್ನೂ ಕೂಡಿಸಿ 143 ಅಂತ ತೋರಿಸುತ್ತೆ. ಮೊದಲ ದಿನ ಮೆಷಿನ್ ಹೊಸದು, ಮನಸ್ಸಲ್ಲಿ ಅಂಜಿಕೆ ಇರುತ್ತೆ. ಹಾಗಾಗಿ ಅದನ್ನ ಲೆಕ್ಕಕ್ಕೆ ಹಿಡಿಯೋದಿಲ್ಲ. ಶನಿವಾರಕ್ಕೆ 136 ಹಾಕಿದ್ರೆ ಆರು ದಿನದ ಸರಾಸರಿ 135. ಮನೆಯಲ್ಲಿ ನೋಡಿದ ಸರಾಸರಿಗೆ ಸಾಮಾನ್ಯವಾಗಿ ಹಿಡಿಯೋ ಗಡಿ 135/85. ಅಂದ್ರೆ ಅಜ್ಜಿ ಸರಿಯಾಗಿ ಗಡಿಯ ಮೇಲೆ ನಿಂತಿದ್ದಾರೆ. ಗುಡ್ಡವೂ ಅಲ್ಲ, ‘ಏನೂ ಇಲ್ಲ’ ಅನ್ನೋ ಹಾಗೂ ಇಲ್ಲ.

ಆದರೆ 166ನ್ನ ಅಳಿಸಬೇಡಿ. ಪಕ್ಕದಲ್ಲಿ ‘ನಡೆದು ಬಂದ ತಕ್ಷಣ’ ಅಂತ ಬರೆದು, ಎರಡೂ ಲೆಕ್ಕವನ್ನ ಡಾಕ್ಟರಿಗೆ ತೋರಿಸಿ. ಮಾತ್ರೆ ಹೆಚ್ಚು ಕಡಿಮೆ ಮಾಡೋದು ಅವರ ಕೆಲಸ. ವಯಸ್ಸಾದವರಿಗೆ ಮಾತ್ರೆ ಜಾಸ್ತಿಯಾದ್ರೆ ಎದ್ದು ನಿಂತಾಗ ಬಿಪಿ ಕುಸಿದು ತಲೆ ಸುತ್ತಿ ಬೀಳಬಹುದು.

ವಿಶ್ರಾಂತಿ ತಗೊಂಡ ಮೇಲೂ ಪಲ್ಸ್ 100 ದಾಟುತ್ತಿದ್ದರೆ, ಅಥವಾ ಬಡಿತ ಏರುಪೇರು ಅನ್ನೋ ಗುರುತು ಪರದೆ ಮೇಲೆ ಮತ್ತೆ ಮತ್ತೆ ಬಂದರೆ, ನಡಿಗೆಯ ನೆಪ ಹೇಳದೆ ಡಾಕ್ಟರ ಹತ್ತಿರ ಹೋಗಿ. ಮರುಪರೀಕ್ಷೆಯಲ್ಲೂ 180/120 ದಾಟಿದ್ರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಎದೆನೋವು, ಉಸಿರಾಟಕ್ಕೆ ತೊಂದರೆ, ಮಾತು ತೊದಲೋದು, ಒಂದು ಕಡೆ ಕೈಕಾಲು ಸೋಲೋದು, ಇವುಗಳಲ್ಲಿ ಯಾವುದು ಕಂಡರೂ ನಂಬರ್ ನೋಡ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.