ಕಾಗದ ಎಳೆಯದ ಪ್ರಿಂಟರ್: ತಪ್ಪು ಯಂತ್ರದ್ದಲ್ಲ, ಧೂಳಿನದು

ಬೆಳಿಗ್ಗೆ ಶಾಲೆಗೆ ಪ್ರಾಜೆಕ್ಟ್ ವರದಿ ಒಪ್ಪಿಸಬೇಕು. ರಾತ್ರಿ ನೋಡಿದರೆ ಮನೆಯ ಲೇಸರ್ ಪ್ರಿಂಟರ್ ಒಮ್ಮೆ ನಾಲ್ಕು ಹಾಳೆಗಳನ್ನು ಒಟ್ಟಿಗೆ ಎಳೆದು ಸಿಕ್ಕಿಸಿಕೊಳ್ಳುತ್ತದೆ. ಮತ್ತೊಮ್ಮೆ ಗರಗರ ಸದ್ದು ಮಾಡಿ ಒಂದನ್ನೂ ಎಳೆಯದೆ, ಕಾಗದವೇ ಇಲ್ಲವೆಂದು ದೀಪ ಮಿನುಗಿಸುತ್ತದೆ. ಹತ್ತನೆಯ ತರಗತಿಯ ಮಗಳಿಗೆ ಅಳು ಬರುವುದೊಂದು ಬಾಕಿ. ಅಪ್ಪ ಹೊಸ ಪ್ರಿಂಟರಿನ ಬೆಲೆಯ ಯೋಚನೆಯಲ್ಲಿದ್ದಾರೆ.

ಎರಡೂ ತೊಂದರೆಗಳ ಮೂಲ ಒಂದೇ: ಘರ್ಷಣೆ. ಹಾಳೆಗಳ ಕಟ್ಟಿನ ಮೇಲೆ ಒಂದು ರಬ್ಬರ್ ರೋಲರ್ ಉರುಳಿ ಮೇಲಿನ ಹಾಳೆಯನ್ನು ಮುಂದಕ್ಕೆ ಎಳೆಯುತ್ತದೆ. ಅದರ ಎದುರಿಗೆ ಸೆಪರೇಷನ್ ಪ್ಯಾಡ್ ಎಂಬ ಸಣ್ಣ ಪಟ್ಟಿಯಿದೆ. ಜೊತೆಗೆ ಜಾರಿಬಂದ ಎರಡನೆಯ ಹಾಳೆಯನ್ನು ತಡೆದು ನಿಲ್ಲಿಸುವುದು ಅದರ ಕೆಲಸ. ಕಾಗದಕ್ಕೂ ರೋಲರಿಗೂ ನಡುವಿನ ಹಿಡಿತ ಎಲ್ಲಕ್ಕಿಂತ ಹೆಚ್ಚಿರಬೇಕು. ಪ್ಯಾಡಿನದು ಅದಕ್ಕಿಂತ ಕಡಿಮೆ. ಕಾಗದ ಕಾಗದಗಳ ನಡುವಿನದು ಎಲ್ಲಕ್ಕಿಂತ ಕಡಿಮೆ. ಕಾಗದದಲ್ಲಿ ನಾರಿನ ಜೊತೆಗೆ ಸೀಮೆಸುಣ್ಣದಂಥ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯೂ ಇರುತ್ತದೆ. ಅದು ಉದುರಿ ರಬ್ಬರಿಗೆ ಮೆತ್ತಿಕೊಂಡರೆ ಈ ಕ್ರಮ ಕೆಡುತ್ತದೆ. ರೋಲರ್ ಜಾರಿದರೆ ಒಂದೂ ಹಾಳೆ ಬಾರದು. ಪ್ಯಾಡ್ ಜಾರಿದರೆ ಹಲವು ಬರುತ್ತವೆ.

ಶುಚಿ ಮಾಡುವ ಮೊದಲು ಪ್ರಿಂಟರನ್ನು ಆರಿಸಿ, ಪ್ಲಗ್ ಕಿತ್ತು, ಅರ್ಧ ಗಂಟೆ ಬಿಡಬೇಕು. ಲೇಸರ್ ಪ್ರಿಂಟರಿನ ಒಳಗೆ ಕೈ ಸುಡುವಷ್ಟು ಬಿಸಿಯಾಗುವ ಭಾಗವಿದೆ. ಅನಂತರ ಟ್ರೇ ಹೊರತೆಗೆದು ಟಾರ್ಚ್ ಬಿಟ್ಟು ನೋಡಿದರೆ ರೋಲರ್ ಕಾಣುತ್ತದೆ. ನೂಲು ಬಿಡದ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹನಿ ಬೀಳದಂತೆ ಹಿಂಡಿ, ರೋಲರನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತ ಸುತ್ತಲೂ ಒರೆಸಬೇಕು. ಪೆಟ್ರೋಲ್, ಥಿನ್ನರ್ ತಾಗಿಸಿದರೆ ರಬ್ಬರ್ ಹಾಳಾಗುತ್ತದೆ. ಒರೆಸಿದ ಮೇಲೆ ಬರಿಗೈಯಿಂದ ಮುಟ್ಟಬಾರದು, ಚರ್ಮದ ಎಣ್ಣೆಯೂ ಜಾರಿಸುತ್ತದೆ. ಇನ್ನೂ ಒಳಗಿರುವ ಸ್ಪಂಜಿನಂಥ ಕಪ್ಪು ರೋಲರ್ ಬೇರೆಯದು. ಅದರ ತಂಟೆಗೆ ಹೋಗಬಾರದು.

ಈ ಮನೆಯಲ್ಲಿ ಮಗಳು ಮೊದಲು ರೋಲರನ್ನಷ್ಟೇ ಒರೆಸಿದಳು. ಬಟ್ಟೆಯ ತುಂಬ ಬೂದುಬಣ್ಣದ ಪುಡಿ! ರೋಲರ್ ಒಣಗಿದ ಬಳಿಕ ಪ್ರಿಂಟರ್ ಹಾಳೆ ಎಳೆಯತೊಡಗಿತು, ಆದರೆ ಎರಡೆರಡಾಗಿ. ಎಂದರೆ ಹಿಡಿತ ಮರಳಿದೆ, ತಡೆ ಮರಳಿಲ್ಲ. ಮತ್ತೆ ಪ್ಲಗ್ ಕಿತ್ತು, ತಣಿಯಲು ಬಿಟ್ಟು, ಪ್ಯಾಡನ್ನೂ ಒರೆಸಿ ಒಣಗಿಸಿದಳು. ಪರೀಕ್ಷೆಗೆಂದು ಹತ್ತು ಪುಟ ಕೊಟ್ಟಾಗ ಹತ್ತೂ ಒಂದೊಂದಾಗಿ ಬಂದವು.

ಮಳೆಗಾಲದಲ್ಲಿ ತೇವ ಹೀರಿದ ಹಾಳೆಗಳೂ ಒಂದಕ್ಕೊಂದು ಅಂಟುತ್ತವೆ. ಆಗ ಒಣ ಕಟ್ಟಿನಿಂದ ಹೊಸ ಹಾಳೆ ತೆಗೆದು, ಅಂಚನ್ನು ಇಸ್ಪೀಟಿನಂತೆ ಬಿಡಿಸಿ ಟ್ರೇಗೆ ಹಾಕಿ ನೋಡಬೇಕು. ಒರೆಸಿದ ಮೇಲೂ ರೋಲರ್ ಗಾಜಿನಂತೆ ಹೊಳೆಯುತ್ತಿದ್ದರೆ, ಇಲ್ಲವೇ ಕೆಲವೇ ದಿನಗಳಲ್ಲಿ ತೊಂದರೆ ಮರುಕಳಿಸಿದರೆ, ರಬ್ಬರ್ ಸವೆದಿದೆಯೆಂದೇ ಅರ್ಥ. ಆಗ ಬದಲಿಸಬೇಕಾದದ್ದು ರೋಲರ್ ಮತ್ತು ಪ್ಯಾಡ್ ಮಾತ್ರ, ಇಡೀ ಪ್ರಿಂಟರನ್ನಲ್ಲ.