ಆರು ಹೆಚ್ಚಾದರೆ ಕೈ ತಪ್ಪು, ನಲವತ್ತೆಂಟು ಕಡಿಮೆಯಾದರೆ ಕಣ್ಣು ತಪ್ಪು

ಪಿಯುಸಿ ಕಂಪ್ಯೂಟರ್ ಸೈನ್ಸ್ ಓದುವ ಹುಡುಗಿಯೊಬ್ಬಳು ನೋಟ್‌ಬುಕ್ಕಿನ ಒಂದು ಪುಟದ ಫೋಟೊ ತೆಗೆದು ಅಣ್ಣನಿಗೆ ಕಳಿಸಿದ್ದಾಳೆ ಎನ್ನೋಣ. ಅದರಲ್ಲಿ ಹೆಕ್ಸಾಡೆಸಿಮಲ್ ಕೂಡುವ ಲೆಕ್ಕವೊಂದಿದೆ: 1A7 + 2B8 = 465. ಸರಿಯೋ ತಪ್ಪೋ ನೋಡಿ ಹೇಳಬೇಕು.

ನಮ್ಮ ರೂಢಿಯ ಲೆಕ್ಕದಲ್ಲಿ ಬಿಡಿ, ಹತ್ತು, ನೂರು ಎಂದು ಸ್ಥಾನಬೆಲೆ ಹತ್ತು ಪಟ್ಟು ಏರುತ್ತದೆ. ಹೆಕ್ಸಾಡೆಸಿಮಲ್‌ನಲ್ಲಿ ಹದಿನಾರು ಪಟ್ಟು: 1, 16, 256, 4096. ಒಂಬತ್ತರ ನಂತರ ಅಂಕಿಗಳು ಮುಗಿಯುವುದರಿಂದ 10ಕ್ಕೆ A, 11ಕ್ಕೆ B, ಹೀಗೆ 15ಕ್ಕೆ F ಬರೆಯುತ್ತಾರೆ. ಆದ್ದರಿಂದ 1A7 ಎಂದರೆ 256 + 160 + 7, ಒಟ್ಟು 423. 2B8 ಎಂದರೆ 512 + 176 + 8, ಒಟ್ಟು 696. ಎರಡನ್ನೂ ಕೂಡಿದರೆ 1119. ಹುಡುಗಿಯ ಉತ್ತರವಾದ 465ರ ಬೆಲೆ 1024 + 96 + 5, ಅಂದರೆ 1125.

ತಪ್ಪು ಎಂದು ಇಲ್ಲಿಗೇ ನಿಲ್ಲಿಸಬೇಡಿ. ಎಷ್ಟು ತಪ್ಪಿದೆ ನೋಡಿ: ಸರಿಯಾಗಿ 6 ಹೆಚ್ಚು. ತಪ್ಪು ಎಲ್ಲಿ ಹುಟ್ಟಿತು ಎಂಬುದನ್ನು ಈ ಆರೇ ಹೇಳುತ್ತದೆ. ಬಿಡಿ ಸ್ಥಾನದಲ್ಲಿ 7 ಮತ್ತು 8 ಕೂಡಿ 15 ಬಂತು. ಅಲ್ಲಿ F ಬರೆಯಬೇಕಿತ್ತು. ಆಕೆ ಅಭ್ಯಾಸಬಲದಿಂದ 5 ಬರೆದು ಕೈಯಲ್ಲಿ ಒಂದು ಇಟ್ಟುಕೊಂಡಳು. ಹಾಗೆ ಮುಂದಕ್ಕೆ ಒಯ್ದ ಒಂದಕ್ಕೆ ಇಲ್ಲಿ ಹತ್ತರ ಬೆಲೆಯಲ್ಲ, ಹದಿನಾರರ ಬೆಲೆ. ಹದಿನಾರರಲ್ಲಿ ಹತ್ತು ಕಳೆದರೆ ಆರು. ಇದೇ ತಪ್ಪು ಎರಡನೆಯ ಸ್ಥಾನದಲ್ಲಿ ಆಗಿದ್ದರೆ ವ್ಯತ್ಯಾಸ 6 × 16, ಅಂದರೆ 96 ಬರುತ್ತಿತ್ತು. ಸರಿಯುತ್ತರ 45F.

ಫೋಟೊದಿಂದ ಹುಟ್ಟುವ ತಪ್ಪುಗಳ ಗುರುತೇ ಬೇರೆ. ಪೆನ್ನಿನ ಶಾಯಿ ಸ್ವಲ್ಪ ಹರಡಿದರೆ, ನೆರಳು ಬಿದ್ದರೆ B ಮತ್ತು 8 ಒಂದೇ ತರಹ ಕಾಣುತ್ತವೆ. D ಮತ್ತು 0, ಸಣ್ಣ b ಮತ್ತು 6 ಕೂಡ ಹಾಗೆಯೇ. ಹುಡುಗಿ ತಿದ್ದಿ 45F ಎಂದು ಬರೆದು ಮತ್ತೆ ಫೋಟೊ ಕಳಿಸಿದಾಗ ಅಣ್ಣ 2B8 ಅನ್ನು 288 ಎಂದು ಓದಿಕೊಂಡರೆ? ಅವನ ಲೆಕ್ಕದಲ್ಲಿ ಅದು 648, ಮೊತ್ತ 1071. ಅವಳ ಉತ್ತರಕ್ಕಿಂತ 48 ಕಡಿಮೆ. ನಲವತ್ತೆಂಟು ಎಂದರೆ ಮೂರು ಹದಿನಾರು, ಹಾಗಾಗಿ ಎರಡನೆಯ ಸ್ಥಾನದಲ್ಲಿ ಮೂರರ ಅಂತರವಿದೆ. ಹನ್ನೊಂದಕ್ಕೂ ಎಂಟಕ್ಕೂ ಇರುವ ಅಂತರ ಮೂರೇ. ಅವಳಿಗೆ ತಪ್ಪು ಎಂದು ಹೇಳುವ ಮೊದಲು ಫೋಟೊದಲ್ಲಿ ಆ ಅಂಕಿಯನ್ನು ಹಿಗ್ಗಿಸಿ ನೋಡಬೇಕು.

ಲ್ಯಾಬಿನ 8085 ಕಿಟ್‌ನ ಪರದೆಯನ್ನು ಫೋಟೊ ತೆಗೆಯುವವರಿಗೆ ಒಂದು ಅನುಕೂಲವಿದೆ. ಏಳು ಗೆರೆಗಳಿಂದ ಅಂಕಿ ಮೂಡಿಸುವ ಆ ಪರದೆಯಲ್ಲಿ ದೊಡ್ಡ B ಬರೆದರೆ 8 ಆಗಿಬಿಡುತ್ತದೆ, ದೊಡ್ಡ D ಬರೆದರೆ 0. ಅದಕ್ಕೇ ಅಲ್ಲಿ b, d ಎಂಬ ಸಣ್ಣಕ್ಷರಗಳು ಬರುತ್ತವೆ. ಮೇಲಿನ ಅಡ್ಡಗೆರೆ ಹೊತ್ತಿದ್ದರೆ 6, ಇಲ್ಲದಿದ್ದರೆ b. ಆ ಕಿಟ್‌ನಲ್ಲಿ C8 ಮತ್ತು 64 ಕೂಡಿದರೆ 2C ಕಾಣಿಸುತ್ತದೆ. 200ಕ್ಕೆ 100 ಸೇರಿ 300 ಆಗಬೇಕಾದಲ್ಲಿ 44. ವ್ಯತ್ಯಾಸ 256 ಎಂದರೆ ಯಂತ್ರ ತಪ್ಪಿಲ್ಲ. ಎಂಟು ಬಿಟ್‌ಗಳ ಜಾಗ ತುಂಬಿ, ಉಳಿದ ಒಂದು ಕ್ಯಾರಿ ಫ್ಲ್ಯಾಗ್‌ಗೆ ಹೋಗಿದೆ.

ಬೈನರಿಯಲ್ಲಿ ಅಕ್ಷರಗಳ ಗೊಂದಲವಿಲ್ಲ, ಎಣಿಕೆಯದ್ದೇ ತೊಂದರೆ. 101101110 ಎಂಬ ಸಾಲನ್ನು ಬಲಗಡೆಯಿಂದ ನಾಲ್ಕು ನಾಲ್ಕಾಗಿ ಒಡೆಯಿರಿ: 1, 0110, 1110. ಇದು ಹೆಕ್ಸಾಡೆಸಿಮಲ್‌ನ 16E, ಬೆಲೆ 366. ಫೋಟೊದ ಬಲ ಅಂಚು ಕತ್ತರಿಸಿ ಕೊನೆಯ ಸೊನ್ನೆ ಹೋದರೆ ಬೆಲೆ ಅರ್ಧವಾಗಿ 183 ಆಗುತ್ತದೆ. ಎಡ ಅಂಚಿನ ಒಂದು ಹೋದರೆ 256 ಕಡಿಮೆಯಾಗಿ 110 ಉಳಿಯುತ್ತದೆ. ಉತ್ತರ ಸರಿಯಾಗಿ ಅರ್ಧ ಬಂದರೆ ಮೊದಲು ಬಲ ಅಂಚನ್ನು ನೋಡಿ.

ದಶಮಾನಕ್ಕೆ ತರದೆಯೂ ಪರೀಕ್ಷಿಸುವ ದಾರಿಯೊಂದಿದೆ. ಒಂಬತ್ತನ್ನು ಕಳೆಯುತ್ತಾ ಲೆಕ್ಕ ತಾಳೆ ನೋಡುವ ಹಳೆಯ ಕ್ರಮ ಇಲ್ಲಿ ಹದಿನೈದಕ್ಕೆ ಹೊಂದುತ್ತದೆ. 1A7ರ ಅಂಕಿಗಳ ಮೊತ್ತ 18, ಹದಿನೈದು ಕಳೆದರೆ 3. 2B8ರದ್ದು 21, ಕಳೆದರೆ 6. ಎರಡೂ ಸೇರಿ 9. 45Fನ ಅಂಕಿಗಳ ಮೊತ್ತ 24, ಕಳೆದರೆ 9. ತಾಳೆಯಾಯಿತು. 465ರಲ್ಲಿ ಮೊತ್ತ 15, ಶೇಷ ಸೊನ್ನೆ, ತಾಳೆಯಾಗದು. ಆದರೆ ಅಂಕಿಗಳ ಸ್ಥಾನ ಅದಲುಬದಲಾಗಿ 4F5 ಎಂದಾಗಿದ್ದರೂ ಶೇಷ ಒಂಬತ್ತೇ. 0 ಇರುವಲ್ಲಿ F ಬಂದರೂ ಇದು ಹಿಡಿಯುವುದಿಲ್ಲ. ತಾಳೆಯಾಗದಿದ್ದರೆ ತಪ್ಪು ಖಚಿತ, ತಾಳೆಯಾದರೆ ಸರಿ ಎಂಬುದು ಖಚಿತವಲ್ಲ.

ಎಷ್ಟು ಹಿಗ್ಗಿಸಿದರೂ B ಅಥವಾ 8 ಎಂದು ತೀರ್ಮಾನವಾಗದಿದ್ದರೆ, ಲೆಕ್ಕ ಸರಿಹೋಗುವ ಅಂಕಿಯನ್ನು ನೀವೇ ತುಂಬಿಕೊಳ್ಳಬೇಡಿ. ಹಾಗೆ ತುಂಬಿದರೆ ಪರೀಕ್ಷಿಸಬೇಕಾದ ಉತ್ತರವನ್ನೇ ಸಾಕ್ಷಿಗೆ ಕರೆದಂತಾಗುತ್ತದೆ. ಎರಡೂ ಅಂಚು ಕಾಣುವಂತೆ, ನೇರವಾಗಿ ಮೇಲಿನಿಂದ ತೆಗೆದ ಇನ್ನೊಂದು ಫೋಟೊ ಕೇಳಿ. ಎಷ್ಟು ಬಿಟ್‌ಗಳ ಲೆಕ್ಕ ಎಂಬುದನ್ನೂ ಅದರ ಜೊತೆ ಬರೆಯಿಸಿಕೊಳ್ಳಿ.