ಪೊಟ್ಟಣ ಪೂರ್ತಿ, ಮಾತ್ರೆ ಹದಿನಾಲ್ಕು ದಿನ

ಮಂಡ್ಯ ಕಡೆಯ ಒಂದು ಹಳ್ಳಿಮನೆ. ಹದಿನಾಲ್ಕು ತಿಂಗಳ ಗಂಡುಮಗುವಿಗೆ ಬೆಳಗಿನಿಂದ ಐದು ಸಲ ನೀರಿನಂತೆ ಭೇದಿಯಾಗಿತ್ತು. ಆಶಾ ಕಾರ್ಯಕರ್ತೆಯ ಜೊತೆ ನಾನು ಒಳಗೆ ಹೋದಾಗ ಒಲೆಯ ಪಕ್ಕದ ಗೂಡಿನಲ್ಲಿ ಓಆರ್‌ಎಸ್ ಪೊಟ್ಟಣವೊಂದು ಕಂಡಿತು. ಬಾಯಿ ಹರಿದು, ಅರ್ಧ ಖಾಲಿ ಮಾಡಿ, ಉಳಿದದ್ದನ್ನು ಮಡಚಿ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಖಾಲಿಯಾದ ಅರ್ಧವನ್ನು ಒಂದು ಲೀಟರ್ ನೀರಿಗೆ ಹಾಕಿದ್ದರು.

“ಯಾಕಜ್ಜಿ, ಅರ್ಧ ಹಾಕಿದ್ದೀರಿ?” ಎಂದು ಆಶಾ ಕೇಳಿದರು.

“ಚಿಕ್ಕ ಮಗ ಅಲ್ವೇನವ್ವ. ಪೂರ್ತಿ ತಡ್ಕೊಳ್ಳುತ್ತಾ?” ಎಂದರು ಅಜ್ಜಿ.

ಅಜ್ಜಿಯ ಲೆಕ್ಕ ಮೇಲುನೋಟಕ್ಕೆ ಸರಿಯೇ. ದೊಡ್ಡವರಿಗೆ ಒಂದು ಮಾತ್ರೆಯಾದರೆ ಮಗುವಿಗೆ ಅರ್ಧ, ಅದಕ್ಕಿಂತ ಚಿಕ್ಕದಕ್ಕೆ ಕಾಲು ಎಂದೇ ನಾವೆಲ್ಲ ಕಲಿತಿದ್ದೇವೆ. ಓಆರ್‌ಎಸ್ ವಿಷಯದಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ವಯಸ್ಸಿಗೆ ತಕ್ಕಂತೆ ಬದಲಾಗಬೇಕಾದದ್ದು ಕುಡಿಸುವ ಪ್ರಮಾಣ. ಕಲಸುವ ಹದ ಎರಡು ತಿಂಗಳ ಕೂಸಿಗೂ ಎಂಬತ್ತರ ಅಜ್ಜನಿಗೂ ಒಂದೇ.

ಇದಕ್ಕೆ ಕಾರಣ ಕರುಳಿನಲ್ಲಿದೆ. ಭೇದಿಯಾಗುವಾಗ ಕರುಳು ನೀರನ್ನು ಹೊರಚೆಲ್ಲುತ್ತಿರುತ್ತದೆ. ಬರಿ ನೀರು ಕುಡಿಸಿದರೆ ಅದು ಚೆನ್ನಾಗಿ ಹೀರುವುದಿಲ್ಲ. ಆದರೆ ಉಪ್ಪು ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಎರಡನ್ನೂ ಒಟ್ಟಿಗೆ ಒಳಕ್ಕೆ ಸೆಳೆದುಕೊಳ್ಳುವ ಬಾಗಿಲೊಂದು ಕರುಳಿನ ಗೋಡೆಯಲ್ಲಿದೆ, ಭೇದಿಯಿದ್ದಾಗಲೂ ಅದು ತೆರೆದೇ ಇರುತ್ತದೆ. ಅವುಗಳ ಬೆನ್ನಿಗೆ ನೀರೂ ಒಳಗೆ ಬರುತ್ತದೆ. ಈಗ ಬಳಕೆಯಲ್ಲಿರುವ ಪೊಟ್ಟಣದಲ್ಲಿ ಒಂದು ಲೀಟರ್ ನೀರಿಗೆಂದು 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಭೇದಿಯಲ್ಲಿ ಕಳೆದುಹೋಗುವ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ತೂಗಿ ಇಟ್ಟಿರುತ್ತಾರೆ. ಅರ್ಧ ಪೊಟ್ಟಣವನ್ನೇ ಲೀಟರಿಗೆ ಹಾಕಿದರೆ ಹೋದ ಲವಣ ಮಗುವಿಗೆ ಮರಳಿ ಸಿಗುವುದಿಲ್ಲ.

ಇದಕ್ಕಿಂತ ಅಪಾಯಕಾರಿ ತಪ್ಪು ತದ್ವಿರುದ್ಧವಾದದ್ದು. ಲೀಟರಿನ ಪೊಟ್ಟಣವನ್ನು ಒಂದೇ ಲೋಟದಲ್ಲಿ ಕದಡಿಬಿಟ್ಟರೆ ದ್ರಾವಣ ಐದು ಪಟ್ಟು ಗಟ್ಟಿಯಾಗುತ್ತದೆ. ಮಗುವಿನ ರಕ್ತದಲ್ಲಿ ಉಪ್ಪು ಏರಿ ಫಿಟ್ಸ್ ಬರಬಹುದು. ಅಂಗಡಿಯಲ್ಲಿ 200 ಮಿ.ಲೀ. ನೀರಿಗೆಂದೇ ಮಾಡಿದ ಚಿಕ್ಕ ಪೊಟ್ಟಣಗಳೂ ಸಿಗುವುದರಿಂದ ಈ ಗೊಂದಲ ಹೆಚ್ಚು. ಹರಿಯುವ ಮೊದಲು ಎಷ್ಟು ನೀರಿಗೆ ಎಂದು ಪೊಟ್ಟಣದ ಮೇಲೆ ಓದಿ, ಅಷ್ಟನ್ನೇ ಅಳೆಯಬೇಕು. ಅಳತೆಗೆ ಒಂದು ಲೀಟರಿನ ನೀರಿನ ಬಾಟಲಿ ಸಾಕು.

ಆ ಮನೆಯಲ್ಲಿ ಆಶಾ ಮೊದಲು ಮಾಡಿದ ಕೆಲಸ ಅದೇ. ಹಳೆಯ ನೀರನ್ನು ಚೆಲ್ಲಿಸಿದರು. ಸೋಪು ಹಾಕಿ ಕೈ ತೊಳೆದು, ಕಾಯಿಸಿ ಆರಿಸಿದ ನೀರನ್ನು ಬಾಟಲಿಯಲ್ಲಿ ಅಳೆದು ಪಾತ್ರೆಗೆ ಸುರಿದು, ಹೊಸ ಪೊಟ್ಟಣ ಪೂರ್ತಿ ಹಾಕಿ ಕಲಕಿದರು. ಬೆರಳಿಗೆ ಒಂದು ಹನಿ ಹಾಕಿಕೊಂಡು ಅಜ್ಜಿಗೂ ರುಚಿ ತೋರಿಸಿದರು. ಕಣ್ಣೀರಿನ ಉಪ್ಪಿಗಿಂತ ಜಾಸ್ತಿ ಅನ್ನಿಸಬಾರದು. ಮುಚ್ಚಿಟ್ಟು 24 ಗಂಟೆ ಬಳಸಬಹುದು, ಆಮೇಲೆ ಉಳಿದದ್ದನ್ನು ಚೆಲ್ಲಿ ಹೊಸದಾಗಿ ಕಲಸಬೇಕು.

ಆಮೇಲೆ ಅವರು ಮಗುವನ್ನು ನೋಡಿದರು. ಕಣ್ಣು ಸ್ವಲ್ಪ ಗುಳಿಬಿದ್ದಿತ್ತು. ಲೋಟ ಕಂಡರೆ ಎರಡೂ ಕೈ ಚಾಚುತ್ತಿತ್ತು. ಹೊಕ್ಕುಳ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಮೇಲೆತ್ತಿ ಬಿಟ್ಟಾಗ ಅದು ತಟ್ಟನೆ ಕೂರದೆ ನಿಧಾನವಾಗಿ ಇಳಿಯಿತು. ಇವು ಮಗುವಿನ ಮೈಯಲ್ಲಿ ನೀರು ಕಡಿಮೆಯಾಗಿದೆ ಎನ್ನುವ ಗುರುತುಗಳು. ಇಂಥ ಮಗುವಿಗೆ ಮನೆಯಲ್ಲಿ ಆಗಾಗ ಕುಡಿಸಿದರೆ ಸಾಲದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂರಿಸಿಕೊಂಡು ನಾಲ್ಕು ಗಂಟೆ ಕುಡಿಸಬೇಕು. ಲೆಕ್ಕ ತೂಕದ ಮೇಲೆ: ಕಿಲೋಗೆ 75 ಮಿ.ಲೀ. ಕೇಂದ್ರದಲ್ಲಿ ತೂಗಿದಾಗ ಮಗು ಒಂಬತ್ತೂವರೆ ಕಿಲೋ ಇತ್ತು. ಅಂದರೆ ನಾಲ್ಕು ಗಂಟೆಯಲ್ಲಿ ಸುಮಾರು 710 ಮಿ.ಲೀ.

“ಅಷ್ಟೊಂದಾ!” ಎಂದು ತಾಯಿ ಗಾಬರಿಯಾದರು. ನರ್ಸ್ ಒಂದು ಟೀ ಚಮಚ ಕೈಗಿತ್ತರು. ಒಂದು ಚಮಚಕ್ಕೆ 5 ಮಿ.ಲೀ. ಹಿಡಿದರೆ 710 ಮಿ.ಲೀ. ಎಂದರೆ ಸುಮಾರು 142 ಚಮಚ. ನಾಲ್ಕು ಗಂಟೆಯಲ್ಲಿ 240 ನಿಮಿಷ. ನಿಮಿಷ, ಎರಡು ನಿಮಿಷಕ್ಕೊಂದು ಚಮಚ ಕೊಡುತ್ತಾ ಹೋದರೆ ಅಷ್ಟೂ ಮುಗಿಯುತ್ತದೆ. ನನಗೆ ಆ ದಿನ ಮನಸ್ಸಿಗೆ ನಾಟಿದ್ದು ಈ ಲೆಕ್ಕವೇ. ದೊಡ್ಡ ಲೋಟ ಹಿಡಿಸಿ ಗಟಗಟ ಕುಡಿಸಿದ್ದರೆ ಆ ಮಗು ಖಂಡಿತ ವಾಂತಿ ಮಾಡುತ್ತಿತ್ತು. ನಡುವೆ ಒಂದು ಸಲ ವಾಂತಿಯೂ ಆಯಿತು. ನರ್ಸ್ ಹತ್ತು ನಿಮಿಷ ಬಿಡಿಸಿ, ಮತ್ತೆ ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಶುರುಮಾಡಿಸಿದರು. ಎದೆಹಾಲು ನಡುನಡುವೆ ಎಂದಿನಂತೆ ಸಾಗಿತು. ನಾಲ್ಕು ಗಂಟೆಯ ಹೊತ್ತಿಗೆ ಮಗು ಮೂತ್ರ ಮಾಡಿತು, ಎತ್ತಿಬಿಟ್ಟ ಚರ್ಮ ಕೂಡಲೇ ಕೂತಿತು.

ಮನೆಗೆ ಬಂದ ಮೇಲಿನ ಲೆಕ್ಕ ಬೇರೆ. ಇನ್ನು ತೂಕ ನೋಡಬೇಕಿಲ್ಲ, ವಯಸ್ಸು ನೋಡಿದರೆ ಸಾಕು. ಒಂದೊಂದು ಸಲ ಭೇದಿಯಾದಾಗಲೂ ಹೋದದ್ದನ್ನು ತುಂಬಿಕೊಡಬೇಕು. ಎರಡು ತಿಂಗಳಿಂದ ಎರಡು ವರ್ಷದವರೆಗಿನ ಮಗುವಿಗೆ ಪ್ರತಿ ಭೇದಿಗೆ 50ರಿಂದ 100 ಮಿ.ಲೀ., ಅಂದರೆ ಕಾಲು ಲೋಟದಿಂದ ಅರ್ಧ ಲೋಟ. ಎರಡರಿಂದ ಐದು ವರ್ಷದ ಮಗುವಿಗೆ ಅರ್ಧ ಲೋಟದಿಂದ ಒಂದು ಲೋಟ. ಎರಡು ತಿಂಗಳೂ ತುಂಬದ ಎಳೆಗೂಸಿಗೆ ಐದು ಟೀ ಚಮಚ, ಒಳಲೆಯಲ್ಲಾದರೂ ಸರಿ, ಜೊತೆಗೆ ಮೇಲಿಂದ ಮೇಲೆ ಎದೆಹಾಲು. ಅಷ್ಟು ಎಳೆಯ ಕೂಸಿಗೆ ಭೇದಿ ಶುರುವಾದರೆ ಮನೆಯಲ್ಲೇ ಕಾಯಬಾರದು, ಅಂದೇ ವೈದ್ಯರಿಗೆ ತೋರಿಸಬೇಕು.

ಓಆರ್‌ಎಸ್ ಭೇದಿಯನ್ನು ನಿಲ್ಲಿಸುವ ಔಷಧಿಯಲ್ಲ. ಅದು ನೀರು ತುಂಬಿಕೊಡುತ್ತದೆ, ಅಷ್ಟೇ. ಇದು ಗೊತ್ತಿಲ್ಲದೆ ಎಷ್ಟೋ ತಾಯಂದಿರು ಮೊದಲ ದಿನವೇ “ಕುಡಿಸಿದೆ, ನಿಲ್ಲಲೇ ಇಲ್ಲ” ಎಂದು ಬಿಟ್ಟುಬಿಡುತ್ತಾರೆ, ಭೇದಿ ಕಟ್ಟುವ ಮಾತ್ರೆಯನ್ನೋ ಆ್ಯಂಟಿಬಯಾಟಿಕ್ಕನ್ನೋ ಮೆಡಿಕಲ್ ಸ್ಟೋರಿನಿಂದ ತರುತ್ತಾರೆ. ಸಾಮಾನ್ಯ ನೀರುಭೇದಿಗೆ ಎರಡೂ ಬೇಡ. ಕರುಳನ್ನು ಕಟ್ಟಿಹಾಕುವ ಮಾತ್ರೆ ಪುಟ್ಟ ಮಕ್ಕಳಿಗೆ ಅಪಾಯವನ್ನೇ ತರಬಹುದು.

ಬಣ್ಣದ ಟೆಟ್ರಾ ಪ್ಯಾಕಿನ ಸಿಹಿ ಪಾನೀಯಗಳದ್ದು ಇನ್ನೊಂದು ತೊಡಕು. ಸಕ್ಕರೆ ಜಾಸ್ತಿಯಾದರೆ ಅದು ಕರುಳಿನೊಳಕ್ಕೇ ನೀರು ಎಳೆದು ಭೇದಿ ಹೆಚ್ಚಿಸುತ್ತದೆ. ಇಂಥ ಪಾನೀಯಗಳು ಓಆರ್‌ಎಸ್ ಎಂಬ ಅಕ್ಷರಗಳನ್ನು ಹೆಸರಿನಲ್ಲಿ ಹೊತ್ತು ಮಾರಾಟವಾಗುತ್ತಿದ್ದುದರ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರಿನ ಬಳಕೆಯನ್ನು ತಡೆಯಿತು. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಮಾಡಿದ್ದು ಎಂದು ಬರೆದಿದೆಯೇ ನೋಡಿ.

ಇನ್ನು ಸತು, ಅಂದರೆ ಜಿಂಕ್ ಮಾತ್ರೆ. ಭೇದಿಯಲ್ಲಿ ಮಗುವಿನ ಮೈಯಿಂದ ಸತುವೂ ಹರಿದುಹೋಗುತ್ತದೆ. ಕರುಳಿನ ಒಳಪದರ ಮತ್ತೆ ಬೆಳೆಯಲು, ರೋಗ ತಡೆದುಕೊಳ್ಳಲು ಅದು ಬೇಕು. ದೆಹಲಿಯ ಮಕ್ಕಳಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸತು ಪಡೆದ ಮಕ್ಕಳಿಗೆ ಭೇದಿ ಬೇಗ ವಾಸಿಯಾಗಿತ್ತು. ಇಂಥ ಅಧ್ಯಯನಗಳ ಬಲದಿಂದಲೇ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ಓಆರ್‌ಎಸ್ ಜೊತೆ ಸತುವನ್ನೂ ಕೊಡಿ ಎಂದವು.

ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವುದು ನೀರಿನಲ್ಲಿ ಕರಗುವ 20 ಮಿ.ಗ್ರಾಂ. ಮಾತ್ರೆ. ಎರಡರಿಂದ ಆರು ತಿಂಗಳ ಕೂಸಿಗೆ ದಿನಕ್ಕೆ ಅರ್ಧ ಮಾತ್ರೆ, ಚಮಚಕ್ಕೆ ಹಿಂಡಿದ ಎದೆಹಾಲಿನಲ್ಲಿ ಕರಗಿಸಿ. ಆರು ತಿಂಗಳು ತುಂಬಿದ ಮೇಲೆ ಐದು ವರ್ಷದವರೆಗೆ ದಿನಕ್ಕೆ ಒಂದು ಪೂರ್ತಿ ಮಾತ್ರೆ, ಎದೆಹಾಲಿನಲ್ಲಿ ಅಥವಾ ಶುದ್ಧ ನೀರಿನಲ್ಲಿ. ಎರಡು ತಿಂಗಳಿಗಿಂತ ಚಿಕ್ಕದಕ್ಕೆ ಕೊಡುವುದಿಲ್ಲ. ಇಲ್ಲಿ ವಯಸ್ಸು ಬದಲಾಯಿಸುವುದು ಮಾತ್ರೆಯ ಅಳತೆಯನ್ನು, ದಿನಗಳನ್ನಲ್ಲ. ಎಲ್ಲರಿಗೂ ಹದಿನಾಲ್ಕು ದಿನ. ಸಿರಪ್ಪಾದರೆ ಒಂದೊಂದು ಕಂಪನಿಯ ಬಾಟಲಿಯಲ್ಲಿ ಸತುವಿನ ಪ್ರಮಾಣ ಒಂದೊಂದು ಬಗೆ, ಹಾಗಾಗಿ “ಒಂದು ಚಮಚ” ಎಂಬ ಬಾಯಿಮಾತು ನಂಬದೆ ಎಷ್ಟು ಮಿ.ಲೀ.ನಲ್ಲಿ ಎಷ್ಟು ಮಿ.ಗ್ರಾಂ. ಎಂದು ಕೇಳಿ ತಿಳಿಯಬೇಕು.

ಸತುವಿಗೆ ಲೋಹದ ಒಗರು ಇದೆ. ಕೆಲವು ಮಕ್ಕಳು ಕುಡಿದ ಕೂಡಲೇ ಕಕ್ಕುತ್ತವೆ. ಅರ್ಧ ಗಂಟೆಯೊಳಗೆ ಕಕ್ಕಿದರೆ ಆ ದಿನದ ಪಾಲನ್ನು ಮತ್ತೊಮ್ಮೆ ಕೊಡಬಹುದು. ಭಾರತ ಮತ್ತು ತಾಂಜಾನಿಯಾದ 4,500 ಮಕ್ಕಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು 5 ಮತ್ತು 10 ಮಿ.ಗ್ರಾಂ. ಕೂಡ 20ಕ್ಕೆ ಸರಿಸಮವಾಗಿ ಕೆಲಸ ಮಾಡುತ್ತವೆ, ವಾಂತಿಯೂ ಕಡಿಮೆ ಎಂದು ತೋರಿಸಿತು. ಹಾಗಾಗಿ ನಿಮ್ಮ ವೈದ್ಯರು ದೊಡ್ಡ ಮಗುವಿಗೂ ಕಡಿಮೆ ಪ್ರಮಾಣ ಬರೆದುಕೊಟ್ಟರೆ ತಪ್ಪು ಬರೆದರು ಎಂದುಕೊಳ್ಳಬೇಡಿ.

ಸತು ಸೋಲುವುದು ಸಾಮಾನ್ಯವಾಗಿ ಮೂರನೆಯ ದಿನ. ಅಷ್ಟರಲ್ಲಿ ಭೇದಿ ಕಟ್ಟಿರುತ್ತದೆ, ಮಗು ಆಡುತ್ತಿರುತ್ತದೆ, ಇನ್ನೇಕೆ ಮಾತ್ರೆ ಎಂದು ಪಟ್ಟಿ ಗೂಡಿಗೆ ಸೇರುತ್ತದೆ. ಓಆರ್‌ಎಸ್ ಭೇದಿಯ ಜೊತೆ ನಡೆಯುತ್ತದೆ, ಭೇದಿ ನಿಂತರೆ ಅದೂ ನಿಲ್ಲುತ್ತದೆ. ಸತು ನಡೆಯುವುದು ಕ್ಯಾಲೆಂಡರಿನ ಜೊತೆ. ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿ ಬರುವುದನ್ನು ಕಡಿಮೆ ಮಾಡುವ ಗುಣ ಅದಕ್ಕಿದೆ, ಆ ಲಾಭ ಸಿಗುವುದು ಪೂರ್ತಿ ಮುಗಿಸಿದವರಿಗೆ.

ಇಷ್ಟೆಲ್ಲ ಮಾಡುತ್ತಿರುವಾಗಲೂ ಮಗು ಕುಡಿಯಲಾರದೆ ಜೋತುಬಿದ್ದರೆ, ಎಬ್ಬಿಸಿದರೂ ಕಣ್ಣು ಬಿಡದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಭೇದಿಯಲ್ಲಿ ರಕ್ತ ಕಂಡರೆ ಚಮಚವನ್ನು ನೆಚ್ಚಿಕೊಂಡು ಕೂರಬಾರದು. ಕುಡಿಯಲಾರದ ಮಗುವಿಗೆ ಬೇಕಾದದ್ದು ರಕ್ತನಾಳಕ್ಕೆ ಏರಿಸುವ ಡ್ರಿಪ್, ಅದು ಆಸ್ಪತ್ರೆಯ ಕೆಲಸ.

ಆ ಹಳ್ಳಿಮನೆಯ ತಾಯಿ ಬಾಗಿಲ ಹಿಂದೆ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಹದಿನಾಲ್ಕನೆಯ ದಿನಕ್ಕೆ ಪೆನ್ನಿನಿಂದ ಸುತ್ತು ಹಾಕಿದ್ದರು. ಭೇದಿ ಮೂರನೆಯ ದಿನಕ್ಕೇ ನಿಂತಿತ್ತು. ಹನ್ನೊಂದನೆಯ ದಿನ ಸಂಜೆ ಆಶಾ ಹೋಗಿ “ಪಟ್ಟಿ ತೋರ್ಸವ್ವ” ಎಂದರು. ಅಜ್ಜಿಯೇ ಗೂಡಿನಿಂದ ತಂದುಕೊಟ್ಟರು. ಹನ್ನೊಂದು ಗುಳಿ ಖಾಲಿಯಾಗಿ, ಮೂರು ಮಾತ್ರೆ ಉಳಿದಿದ್ದವು.